12.5 ವೋಲ್ಟ್ ತೋರಿಸುವ ಬ್ಯಾಟರಿ ಮಿಕ್ಸಿ ಹಾಕಿದರೆ ಎಷ್ಟು ತೋರಿಸುತ್ತದೆ?

(ಇನ್ವರ್ಟರ್ ರಿಪೇರಿ ಮಾಡುವವರು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಹಾಗೇ ಸೇರಿಸಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮಗೆಲ್ಲ ಗೊತ್ತಿರುವ ಒಂದು ದೂರಿನಿಂದ ಶುರು ಮಾಡೋಣ. ಮನೆಯವರು ಫೋನ್ ಮಾಡುತ್ತಾರೆ. ಕರೆಂಟ್ ಹೋದಾಗ ಫ್ಯಾನು, ಲೈಟು ಎಲ್ಲ ಚೆನ್ನಾಗಿ ಓಡುತ್ತದೆ, ಮಿಕ್ಸಿ ಹಾಕಿದರೆ ಮಾತ್ರ ಯುಪಿಎಸ್ ಕೂಗಿಕೊಂಡು ಆಫ್ ಆಗುತ್ತದೆ ಅಂತಾರೆ. ನೀವು ಹೋಗಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯುತ್ತೀರಿ. 12.5 ವೋಲ್ಟ್ ಬರುತ್ತದೆ. ಬ್ಯಾಟರಿ ಸರಿ ಇದೆ, ಯುಪಿಎಸ್ ಬೋರ್ಡೇ ಹೋಗಿರಬೇಕು ಅನ್ನಿಸುತ್ತದೆ. ಇನ್ನೊಬ್ಬರು ಬಂದು ಬೋರ್ಡ್ ಸರಿ ಇದೆ, ಬ್ಯಾಟರಿ ಹೋಗಿದೆ ಅಂತಾರೆ. ಪಾಪ, ಮನೆಯವರು ಇಬ್ಬರ ಮಾತನ್ನೂ ನಂಬಿ ಎರಡಕ್ಕೂ ದುಡ್ಡು ಕೊಡುತ್ತಾರೆ.

ಲೋಡ್ ಇಲ್ಲದಾಗ ಅಳೆದ ವೋಲ್ಟೇಜ್ ಬ್ಯಾಟರಿ ಎಷ್ಟು ಚಾರ್ಜ್ ಆಗಿದೆ ಅಂತ ಒಂದು ಅಂದಾಜು ಕೊಡುತ್ತದೆ, ಅಷ್ಟೆ. ಲೋಡ್ ಹೊರುತ್ತದೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಅದನ್ನು ಹೇಳುವುದು ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್. ಬ್ಯಾಟರಿಗೆ 80–90 ಆಂಪಿಯರ್ ಲೋಡ್ ಕೊಡದೆ, ಐದು ಹೆಡ್‌ಲೈಟ್ ಬಲ್ಬ್ ಇಟ್ಟುಕೊಂಡು ಆ ರೆಸಿಸ್ಟೆನ್ಸ್ ಕಂಡುಹಿಡಿಯಬಹುದು. ಅಲ್ಲಿಂದ, ಮಿಕ್ಸಿ ಹಾಕಿದರೆ ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆ ಅಂತ ಮೊದಲೇ ಹೇಳಬಹುದು. ಇವತ್ತಿನ ಮಾತು ಇಷ್ಟೇ.

ಬ್ಯಾಟರಿಯನ್ನು ನಾವು ಹೀಗೆ ಭಾವಿಸಿಕೊಳ್ಳುತ್ತೇವೆ. ಒಳಗೆ ಬದಲಾಗದ ಒಂದು ವೋಲ್ಟೇಜ್ ಇದೆ, ಅದನ್ನು E ಅನ್ನೋಣ. ಅದರ ಜೊತೆ ಸೀರೀಸ್‌ನಲ್ಲಿ ಒಂದು ಸಣ್ಣ ರೆಸಿಸ್ಟೆನ್ಸ್ ಇದೆ, ಅದು R. I ಆಂಪಿಯರ್ ಎಳೆದರೆ ಹೊರಗೆ ಟರ್ಮಿನಲ್‌ನಲ್ಲಿ ಸಿಗುವುದು ಇಷ್ಟು:

```
V = E − I × R
```

ಇದು ನಿಜವಾದ ಬ್ಯಾಟರಿಯ ಪೂರ್ತಿ ಚಿತ್ರ ಅಲ್ಲ. ಎಲ್ಲಿ ಕೈಕೊಡುತ್ತದೆ ಅಂತ ಆಮೇಲೆ ನೋಡೋಣ. ಸದ್ಯಕ್ಕೆ, ಇಲ್ಲಿ ಗೊತ್ತಿಲ್ಲದ ಸಂಗತಿ ಎರಡು: E ಮತ್ತು R. ಹಾಗಾಗಿ ಎರಡು ಅಳತೆ ಬೇಕು. ಸಣ್ಣ ಲೋಡ್‌ನಲ್ಲಿ ಒಂದು, ದೊಡ್ಡ ಲೋಡ್‌ನಲ್ಲಿ ಒಂದು. ಒಂದರಿಂದ ಇನ್ನೊಂದನ್ನು ಕಳೆದರೆ E ಹೋಗಿಬಿಡುತ್ತದೆ:

```
R = (V1 − V2) / (I2 − I1)
E = V1 + I1 × R
```

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಲೋಡ್ ಇಲ್ಲದಾಗಿನ ವೋಲ್ಟೇಜೇ E ಅಲ್ವಾ? ಅದನ್ನು ಅಳೆದುಕೊಂಡರೆ ಒಂದೇ ಲೋಡ್ ಸಾಕಲ್ಲ, ಎರಡು ಯಾಕೆ? ಈ ಪ್ರಶ್ನೆಗೆ ಅಂಕಿಗಳ ಜೊತೆಗೇ ಉತ್ತರ ಕೊಡುತ್ತೇನೆ, ಯಾಕಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ಕೆಲವು ವರ್ಷ ಓಡಿದೆ. 12 ವೋಲ್ಟಿನ ಒಂದೇ ಬ್ಯಾಟರಿ ಮೇಲೆ ನಡೆಯುವ 1100 ವಿಎ ಯುಪಿಎಸ್. ಮನೆಯಲ್ಲಿ 750 ವ್ಯಾಟ್ ಮಿಕ್ಸಿ.

ಮೊದಲು ಯುಪಿಎಸ್‌ನ ಮೇನ್ಸ್ ಪ್ಲಗ್ ಕಿತ್ತು, ಯುಪಿಎಸ್ ಆಫ್ ಮಾಡಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಮೇನ್ಸ್ ಇದ್ದರೆ ಚಾರ್ಜರ್ ಕೂಡ ಬಲ್ಬಿಗೆ ಕರೆಂಟ್ ಕೊಡುತ್ತದೆ. ಆಗ ವೋಲ್ಟೇಜ್ ಬೀಳುವುದೇ ಇಲ್ಲ, ಬ್ಯಾಟರಿ ಹೊಸದರಂತೆ ಕಾಣುತ್ತದೆ. ಚಾರ್ಜ್ ನಿಲ್ಲಿಸಿದ ಮೇಲೆ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ನೆ ಬಿಡಬೇಕು. ಚಾರ್ಜ್ ಆದ ಕೂಡಲೇ ಅಳೆದರೆ ಪ್ಲೇಟಿನ ಮೇಲ್ಮೈಯಲ್ಲಿ ಉಳಿದ ಚಾರ್ಜಿನಿಂದ 13ರ ಹತ್ತಿರ ತೋರಿಸುತ್ತದೆ. ಅದು ನಿಲ್ಲುವ ವೋಲ್ಟೇಜ್ ಅಲ್ಲ. ಕಾಯಲು ಸಮಯ ಇಲ್ಲದಿದ್ದರೆ ಬಲ್ಬುಗಳನ್ನೇ ಐದಾರು ನಿಮಿಷ ಉರಿಸಿ ಆ ಚಾರ್ಜ್ ಇಳಿಸಬಹುದು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಲೋಡಿಗೆ ಹೆಡ್‌ಲೈಟ್ ಬಲ್ಬ್ ಒಳ್ಳೆಯದು. ಎಚ್4 ಬಲ್ಬಿನ ಒಂದು ಫಿಲಮೆಂಟ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಐದು ಬಲ್ಬನ್ನು ಒಂದು ಹಲಗೆಗೆ ಹೊಡೆದು, ಒಂದಕ್ಕೆ ಒಂದು ಸ್ವಿಚ್, ಉಳಿದ ನಾಲ್ಕಕ್ಕೆ ಎರಡೆರಡು ಸೇರಿಸಿ ಒಂದೊಂದು ಸ್ವಿಚ್ ಹಾಕಿಕೊಳ್ಳಿ. ಮುಟ್ಟಬೇಡಿ, ಕೈ ಸುಡುತ್ತದೆ. ಬಲ್ಬಿನ ಮೇಲೆ ಬರೆದ ವ್ಯಾಟ್‌ನಿಂದ ಆಂಪಿಯರ್ ಲೆಕ್ಕ ಹಾಕಬೇಡಿ. ವೋಲ್ಟೇಜ್ ಇಳಿದಂತೆ ಬಲ್ಬಿನ ಕರೆಂಟೂ ಇಳಿಯುತ್ತದೆ. ಹಾಗಾಗಿ ಎರಡೂ ಸಲ ಕರೆಂಟನ್ನು ಅಳೆದೇ ಬರೆದುಕೊಳ್ಳಬೇಕು. ಅದಕ್ಕೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕ್ಲಾಂಪ್ ಮೀಟರ್‌ಗಳು ಎಸಿ ಮಾತ್ರ ಅಳೆಯುತ್ತವೆ, ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ಡಿಸಿ ಮೀಟರನ್ನೂ ವೈರಿಗೆ ಹಾಕುವ ಮುಂಚೆ ಜೀರೋ ಬಟನ್ ಒತ್ತಿ ಸೊನ್ನೆಗೆ ತರಬೇಕು, ಇಲ್ಲದಿದ್ದರೆ ಒಂದೆರಡು ಆಂಪಿಯರ್ ತಪ್ಪು ಸುಮ್ನೆ ಸೇರಿಕೊಳ್ಳುತ್ತದೆ.

ಬಲ್ಬ್ ಹಲಗೆಯ ವೈರನ್ನು ಬ್ಯಾಟರಿ ತುದಿಗೆ ಹಾಕಬೇಡಿ. ಬ್ಯಾಟರಿ ಕೇಬಲ್ ಯುಪಿಎಸ್‌ಗೆ ಸೇರುವ ಬೋಲ್ಟಿಗೆ ಹಾಕಿ. ಹಾಗೆ ಮಾಡಿದರೆ ಬಲ್ಬಿನ ಕರೆಂಟು ಕೇಬಲ್ ಮತ್ತು ಲಗ್‌ಗಳ ಮೂಲಕವೇ ಬರುತ್ತದೆ. ಆಗ ಒಂದೇ ಪ್ರಯೋಗದಲ್ಲಿ ಎರಡು ಜಾಗದ ವೋಲ್ಟೇಜ್ ಸಿಗುತ್ತದೆ. ಒಂದು, ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆ. ಮೀಟರಿನ ಮೊನೆ ಸೀಸಕ್ಕೇ ತಾಗಬೇಕು, ಅದರ ಮೇಲೆ ಕೂತಿರುವ ಕ್ಲಾಂಪಿಗಲ್ಲ. ಇನ್ನೊಂದು, ಯುಪಿಎಸ್ ಬೋಲ್ಟಿನ ಮೇಲೆ. ವೈರು ಹಾಕುವಾಗ, ತೆಗೆಯುವಾಗ ಸ್ವಿಚ್ ಆಫ್ ಇರಲಿ. ಕಿಡಿ ಹಾರುವುದಿದ್ದರೆ ಸ್ವಿಚ್ಚಿನಲ್ಲಿ ಹಾರಲಿ, ಬ್ಯಾಟರಿಯ ಹತ್ತಿರ ಬೇಡ. ಅಲ್ಲಿ ಹೈಡ್ರೋಜನ್ ಇರುತ್ತದೆ.

ಈಗ ಅಳತೆ. ಲೋಡ್ ಇಲ್ಲದೆ 12.50 ವೋಲ್ಟ್. ಒಂದು ಬಲ್ಬ್ ಹಾಕಿ ಹತ್ತು ಸೆಕೆಂಡ್ ಬಿಟ್ಟು ಓದಿದರೆ 5.0 ಆಂಪಿಯರ್, ಬ್ಯಾಟರಿ ಟರ್ಮಿನಲ್‌ನಲ್ಲಿ 12.34. ಆರಿಸದೆ ಉಳಿದ ನಾಲ್ಕನ್ನೂ ಹಾಕಿ ಮತ್ತೆ ಹತ್ತು ಸೆಕೆಂಡಿಗೆ ಓದಿದರೆ 25.0 ಆಂಪಿಯರ್, 11.94 ವೋಲ್ಟ್.

```
R = (12.34 − 11.94) / (25.0 − 5.0) = 0.40 / 20 = 0.020 ಓಂ
E = 12.34 + 5.0 × 0.020 = 12.44 ವೋಲ್ಟ್
```

0.020 ಓಂ ಅಂದರೆ 20 ಮಿಲಿಓಂ. E ಬಂದದ್ದು 12.44. ಲೋಡ್ ಇಲ್ಲದಾಗ ಇದ್ದದ್ದು 12.50. ಈ 0.06 ವೋಲ್ಟ್ ಎಲ್ಲಿ ಹೋಯಿತು?

ಪ್ಲೇಟಿನ ಮೇಲ್ಮೈಯಲ್ಲಿ ರಾಸಾಯನಿಕ ಕ್ರಿಯೆ ಶುರು ಆಗುವುದಕ್ಕೇ ಒಂದಿಷ್ಟು ವೋಲ್ಟೇಜ್ ಬೇಕು. ಅದು ಕರೆಂಟಿಗೆ ಸರಿಯಾಗಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಮೊದಲ ಒಂದೆರಡು ಆಂಪಿಯರ್‌ಗೆ ಬೇಗ ಏರುತ್ತದೆ, ಆಮೇಲೆ ಏರಿಕೆ ತುಂಬಾ ನಿಧಾನ ಆಗುತ್ತದೆ. ಅಂದರೆ ವೋಲ್ಟೇಜ್ ಗೆರೆ ಸೊನ್ನೆಯ ಹತ್ತಿರ ಕಡಿದಾಗಿ ಇಳಿದು, ಆಮೇಲೆ ನೇರವಾಗುತ್ತದೆ. ನಮಗೆ ಬೇಕಾದದ್ದು ಆ ನೇರ ಭಾಗ, ಯಾಕಂದರೆ ಮಿಕ್ಸಿಯ ದೊಡ್ಡ ಕರೆಂಟ್ ಇರುವುದು ಆ ಕಡೆ. ಸಣ್ಣ ಲೋಡ್ ಅಂತ ಒಂದು ಬಲ್ಬ್ ಉರಿಸುವುದೇ ಆ ಕಡಿದಾದ ಭಾಗವನ್ನು ದಾಟಿಕೊಳ್ಳುವುದಕ್ಕೆ.

ಲೋಡ್ ಇಲ್ಲದ ವೋಲ್ಟೇಜ್ ಮತ್ತು ಒಂದೇ ಬಲ್ಬ್ ಇಟ್ಟುಕೊಂಡು ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು ನೋಡಿ. 12.50ರಲ್ಲಿ 12.34 ಕಳೆದು 5ರಿಂದ ಭಾಗಿಸಿದರೆ 32 ಮಿಲಿಓಂ. ಅದನ್ನು ನಂಬಿ 80 ಆಂಪಿಯರ್‌ಗೆ ಲೆಕ್ಕ ಹಾಕಿದರೆ 9.94 ವೋಲ್ಟ್. ಎರಡು ಲೋಡಿನ ಲೆಕ್ಕ ಹೇಳುವುದು 10.84. ಒಂದು ಲೆಕ್ಕದಲ್ಲಿ ಬ್ಯಾಟರಿ ಗುಜರಿಗೆ ಹೋಗುತ್ತದೆ, ಇನ್ನೊಂದರಲ್ಲಿ ಮನೆಯಲ್ಲೇ ಉಳಿಯುತ್ತದೆ. ದೊಡ್ಡ ಬ್ಯಾಟರಿಗಳ ಅಂತರರಾಷ್ಟ್ರೀಯ ಮಾನದಂಡಗಳೂ ಎರಡು ಬೇರೆ ಬೇರೆ ಕರೆಂಟಿನಲ್ಲಿ ಅಳೆದು ರೆಸಿಸ್ಟೆನ್ಸ್ ತೆಗೆಯುವ ದಾರಿಯನ್ನೇ ಹಿಡಿದಿವೆ. ಟೆಲಿಫೋನ್ ಎಕ್ಸ್‌ಚೇಂಜಿನಂಥ ಕಡೆ ಬ್ಯಾಕಪ್‌ಗೆ ಇಡುವ ಲೆಡ್-ಆಸಿಡ್ ಬ್ಯಾಟರಿಗಳಿಗೆ ಇರುವ ಐಇಸಿ 60896ರಲ್ಲಿ ಈ ವಿಧಾನ ಇದೆ.

ಹತ್ತು ಸೆಕೆಂಡ್ ಯಾಕೆ ಅಂತ ಹೇಳಬೇಕು. ಲೋಡ್ ಹಾಕಿದ ಕೂಡಲೇ ವೋಲ್ಟೇಜ್ ಒಂದು ಮೆಟ್ಟಿಲು ಇಳಿಯುತ್ತದೆ. ಅದು ಪ್ಲೇಟ್, ಸೀಸದ ಪಟ್ಟಿ ಮತ್ತು ಆಸಿಡ್‌ನ ನೇರ ರೆಸಿಸ್ಟೆನ್ಸ್. ಆಮೇಲಿನ ಒಂದೆರಡು ಸೆಕೆಂಡಿನೊಳಗೆ ಮೇಲ್ಮೈಯ ಕ್ರಿಯೆಯ ಪಾಲು ಸೇರುತ್ತದೆ. ಅದಾದ ಮೇಲೆ ಪ್ಲೇಟಿನ ರಂಧ್ರಗಳಲ್ಲಿ ಆಸಿಡ್ ತೆಳುವಾಗುತ್ತಾ ಹೋಗಿ ನಿಧಾನಕ್ಕೆ ಇನ್ನಷ್ಟು ಇಳಿಯುತ್ತದೆ. ಇದು ನಿಮಿಷಗಟ್ಟಲೆ ನಡೆಯುತ್ತದೆ. ಹಾಗಾಗಿ R ಅನ್ನುವುದು ಒಂದೇ ಸಂಖ್ಯೆ ಅಲ್ಲ. ಎಷ್ಟನೇ ಸೆಕೆಂಡಿಗೆ ಓದಿದಿರಿ ಅನ್ನುವುದರ ಜೊತೆಗೇ ಅದಕ್ಕೆ ಅರ್ಥ. ಎರಡೂ ಅಳತೆ ಒಂದೇ ಹೊತ್ತಿಗೆ ಆಗಬೇಕು, ಹತ್ತು ಅಂದರೆ ಎರಡೂ ಹತ್ತು. ಒಂದನ್ನು ಮೂರನೇ ಸೆಕೆಂಡಿಗೆ, ಇನ್ನೊಂದನ್ನು ಒಂದು ನಿಮಿಷಕ್ಕೆ ಓದಿದರೆ ಬರುವ R ಯಾವ ಕೆಲಸಕ್ಕೂ ಬರುವುದಿಲ್ಲ. ಫಿಲಮೆಂಟ್ ತಣ್ಣಗಿರುವಾಗ ಬಲ್ಬ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ ಅನ್ನುವುದೂ ಕಾಯುವುದಕ್ಕೆ ಕಾರಣ, ಆದರೆ ಅದು ಒಂದು ಸೆಕೆಂಡಿನ ಒಳಗೇ ಮುಗಿಯುತ್ತದೆ.

ಈ ಅಳತೆಯ ಮೇಲೆ ನಾನು ಒಂದು ಸಣ್ಣ ತಪಾಸಣೆ ಮಾಡುತ್ತೇನೆ. ನಾಲ್ಕು ಬಲ್ಬ್ ಆರಿಸಿ ಮತ್ತೆ ಒಂದೇ ಬಲ್ಬಿಗೆ ಬಂದು ನೋಡುತ್ತೇನೆ. ಸ್ವಲ್ಪ ಹೊತ್ತಿನಲ್ಲಿ 12.33, 12.34ರ ಹತ್ತಿರಕ್ಕೆ ವಾಪಸ್ ಬಂದರೆ ಸರಿ. 12.25ರಲ್ಲೇ ನಿಂತರೆ ಅಳತೆಯ ನಡುವೆ E ತಾನೇ ಕೆಳಗೆ ಜಾರಿದೆ ಅಂತ ಅರ್ಥ. ಮೇಲ್ಮೈ ಚಾರ್ಜ್ ಪೂರ್ತಿ ಇಳಿದಿರಲಿಲ್ಲ, ಅಥವಾ ಬ್ಯಾಟರಿ ಕಾಲಿಯಾಗುತ್ತಾ ಬಂದಿದೆ. ಆಗ ಇಡೀ ಅಳತೆಯನ್ನು ಮತ್ತೆ ಮಾಡಬೇಕು.

ಮೀಟರ್ ಎಷ್ಟು ನಂಬಬಹುದು? 20 ವೋಲ್ಟ್ ರೇಂಜಿನಲ್ಲಿ ಸಾಮಾನ್ಯ ಮಲ್ಟಿಮೀಟರ್ 0.01 ವೋಲ್ಟ್ ಮೆಟ್ಟಿಲಿನಲ್ಲಿ ತೋರಿಸುತ್ತದೆ. ನಿಮ್ಮ ಮೀಟರ್ ಎಲ್ಲ ಕಡೆ 0.05 ಜಾಸ್ತಿ ತೋರಿಸಿದರೂ R ಕೆಡುವುದಿಲ್ಲ, ಕಳೆಯುವಾಗ ಅದು ಹೋಗಿಬಿಡುತ್ತದೆ. ಅದಕ್ಕೇ ಎರಡೂ ಅಳತೆ ಒಂದೇ ಮೀಟರಿನಲ್ಲಿ, ಒಂದೇ ರೇಂಜಿನಲ್ಲಿ ಇರಬೇಕು. ಆದರೆ ಕೊನೆಯ ಅಂಕಿಯ ಅಲುಗಾಟ ಹೋಗುವುದಿಲ್ಲ. ನಮ್ಮ ವ್ಯತ್ಯಾಸ 0.40 ಇತ್ತು. ಅದರಲ್ಲಿ 0.02 ತಪ್ಪಿದ್ದರೆ R ನೂರಕ್ಕೆ ಐದು ತಪ್ಪುತ್ತದೆ, ಅಂದರೆ 1 ಮಿಲಿಓಂ. ಐದು ಬಲ್ಬಿನ ಬದಲು ಎರಡೇ ಬಲ್ಬ್ ಹಾಕಿದ್ದರೆ ವ್ಯತ್ಯಾಸ 0.10 ಆಗಿರುತ್ತಿತ್ತು, ಅದೇ 0.02ಕ್ಕೆ ತಪ್ಪು ನೂರಕ್ಕೆ ಇಪ್ಪತ್ತು. ಎರಡನೇ ಲೋಡ್ ದೊಡ್ಡದಿರಲಿ ಅನ್ನುವುದು ಇದಕ್ಕೇ.

ಈಗ ಯುಪಿಎಸ್ ಬೋಲ್ಟಿನ ಹತ್ತಿರದ ಅಳತೆ. ಒಂದು ಬಲ್ಬಿಗೆ 12.32, ಐದು ಬಲ್ಬಿಗೆ 11.84. ಇಲ್ಲಿ ವ್ಯತ್ಯಾಸ 0.48, ಹಾಗಾಗಿ R 24 ಮಿಲಿಓಂ. ಬ್ಯಾಟರಿಯದು 20, ಉಳಿದ 4 ಮಿಲಿಓಂ ಕೇಬಲ್ ಮತ್ತು ಜಾಯಿಂಟ್‌ಗಳದು. 16 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಒಂದು ಮೀಟರಿಗೆ ಒಂದು ಮಿಲಿಓಂಗಿಂತ ಸ್ವಲ್ಪ ಜಾಸ್ತಿ. ಈ ಮನೆಯಲ್ಲಿ ಹೋಗಿ ಬರುವುದು ಸೇರಿ ಒಂದು ಮೀಟರ್ ಕೇಬಲ್ ಇದೆ ಅಂದುಕೊಳ್ಳಿ. ಹಾಗಾದರೆ ಉಳಿದ ಮೂರು ಮಿಲಿಓಂ ಹತ್ತಿರ ಎಲ್ಲೋ ಜಾಯಿಂಟಿನಲ್ಲಿ ಕೂತಿದೆ. ಎಲ್ಲಿ ಅಂತ ಹುಡುಕುವುದು ಸುಲಭ. ಐದೂ ಬಲ್ಬ್ ಉರಿಯುತ್ತಿರುವಾಗ ಮೀಟರಿನ ಒಂದು ಮೊನೆ ಪಾಸಿಟಿವ್ ಸೀಸದ ಮೇಲೆ, ಇನ್ನೊಂದು ಅದೇ ಕೇಬಲಿನ ಲಗ್ ಮೇಲೆ ಇಟ್ಟು ಮಿಲಿವೋಲ್ಟ್ ನೋಡಿ. ಅಲ್ಲಿ 70 ಮಿಲಿವೋಲ್ಟ್ ಬಂತು ಅಂದರೆ 25ರಿಂದ ಭಾಗಿಸಿ, 2.8 ಮಿಲಿಓಂ. ಕ್ಲಾಂಪಿನ ಕೆಳಗೆ ಬಿಳಿ-ಹಸಿರು ಪುಡಿ ಕಟ್ಟಿರುತ್ತದೆ, ಬೇಕಾದರೆ ಬಿಚ್ಚಿ ನೋಡಿ.

ಈಗ ಮಿಕ್ಸಿ. ಇಲ್ಲಿ ಇನ್ನೊಂದು ತಿರುವು ಇದೆ. ಬಲ್ಬಿನ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ. ಯುಪಿಎಸ್ ಹಾಗಲ್ಲ. ಹೊರಗೆ 230 ವೋಲ್ಟ್ ಬಿಡದೆ ಕೊಡಬೇಕು ಅಂತ ಅದು ಪ್ರಯತ್ನ ಪಡುತ್ತದೆ. ಬ್ಯಾಟರಿ ವೋಲ್ಟೇಜ್ ಇಳಿದರೆ ಅದೇ ವ್ಯಾಟ್‌ಗೆ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಜಾಸ್ತಿ ಆಂಪಿಯರ್ ಎಳೆದಾಗ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಸಾಲ ತೀರಿಸುವುದಕ್ಕೆ ಮತ್ತೆ ಸಾಲ ಮಾಡಿದ ಹಾಗೆ. ಅದು ಎಲ್ಲಿ ನಿಲ್ಲುತ್ತದೆ ಅಂತ ಲೆಕ್ಕ ಹಾಕಬೇಕು.

ಮಿಕ್ಸಿ 750 ವ್ಯಾಟ್ ಎಳೆಯುತ್ತಿದೆ, ಯುಪಿಎಸ್ ನೂರಕ್ಕೆ 83ರಷ್ಟು ದಕ್ಷತೆಯಲ್ಲಿ ಓಡುತ್ತಿದೆ ಅಂದುಕೊಂಡರೆ ಬ್ಯಾಟರಿ ಕಡೆಯಿಂದ ಸುಮಾರು 900 ವ್ಯಾಟ್ ಬೇಕು. ಎಲ್ಲರೂ ಮಾಡುವ ಲೆಕ್ಕ 900 ಭಾಗಿಸು 12, ಅಂದರೆ 75 ಆಂಪಿಯರ್. 24 ಮಿಲಿಓಂ ಜೊತೆ ಗುಣಿಸಿದರೆ 1.8 ವೋಲ್ಟ್ ಇಳಿಕೆ, ಯುಪಿಎಸ್ ಬೋಲ್ಟಿನಲ್ಲಿ 10.64 ವೋಲ್ಟ್. ಈ ಯುಪಿಎಸ್ 10.5ಕ್ಕೆ ಕಟ್ ಆಫ್ ಆಗುತ್ತದೆ. ಹಾಗಾದರೆ ಮಿಕ್ಸಿ ಓಡಬೇಕು. ಆದರೆ ಓಡುವುದಿಲ್ಲ. ಯಾಕಂದರೆ 10.64 ವೋಲ್ಟ್ ಇರುವಾಗ 900 ವ್ಯಾಟ್‌ಗೆ 75 ಆಂಪಿಯರ್ ಸಾಕಾಗುವುದಿಲ್ಲ. ಅದೇ ಲೆಕ್ಕವನ್ನು ಸುತ್ತು ಹಾಕಿ ಮಾಡಬೇಕು. ಬಂದ ವೋಲ್ಟೇಜಿನಿಂದ ಮತ್ತೆ 900 ಭಾಗಿಸಿ, ಹೊಸ ಆಂಪಿಯರ್‌ನಿಂದ ಮತ್ತೆ ವೋಲ್ಟೇಜ್:

```
900 / 12.00 = 75.0 A   →  12.44 − 75.0 × 0.024 = 10.64 V
900 / 10.64 = 84.6 A   →  12.44 − 84.6 × 0.024 = 10.41 V
900 / 10.41 = 86.5 A   →  12.44 − 86.5 × 0.024 = 10.36 V
900 / 10.36 = 86.9 A   →  12.44 − 86.9 × 0.024 = 10.35 V
```

ನಾಲ್ಕು ಸುತ್ತಿನಲ್ಲಿ ಲೆಕ್ಕ ನಿಂತಿತು. 87 ಆಂಪಿಯರ್, 10.35 ವೋಲ್ಟ್. ಫೋನಿನ ಕ್ಯಾಲ್ಕುಲೇಟರ್ ಸಾಕು. ವರ್ಗ ಸಮೀಕರಣ ಬಿಡಿಸಿದರೂ ಇದೇ ಉತ್ತರ, ಐಟಿಐ ಮಕ್ಕಳು ಮನೆಗೆ ಹೋಗಿ ಬಿಡಿಸಿ ನೋಡಿ. ಸುತ್ತು ಹಾಕುತ್ತಾ ಹೋದಂತೆ ವೋಲ್ಟೇಜ್ ಎಲ್ಲೂ ನಿಲ್ಲದೆ ಬೀಳುತ್ತಲೇ ಹೋದರೆ, ಆ ಬ್ಯಾಟರಿಯಿಂದ ಅಷ್ಟು ವ್ಯಾಟ್ ಬರುವುದೇ ಇಲ್ಲ ಅಂತ ಅರ್ಥ. ಆ ಮಿತಿ E² / 4R. ಇಲ್ಲಿ ಅದು 1600 ವ್ಯಾಟ್ ಹತ್ತಿರ ಬರುತ್ತದೆ. ಆದರೆ ಅಲ್ಲಿಗೆ ಮುಟ್ಟುವಾಗ ವೋಲ್ಟೇಜ್ ಅರ್ಧಕ್ಕೆ ಇಳಿದಿರುತ್ತದೆ, ಯುಪಿಎಸ್ ಅದಕ್ಕಿಂತ ಎಷ್ಟೋ ಮುಂಚೆ ಕೈಬಿಟ್ಟಿರುತ್ತದೆ.

10.35 ಅಂದರೆ ಕಟ್ ಆಫ್‌ಗಿಂತ ಕೆಳಗೆ. ಅದೇ ಹೊತ್ತಿಗೆ ಬ್ಯಾಟರಿ ಟರ್ಮಿನಲ್‌ನಲ್ಲಿ 12.44 ಕಳೆ 87 ಗುಣಿಸು 0.020, ಸುಮಾರು 10.70 ಇರುತ್ತದೆ. ಬ್ಯಾಟರಿ ಹತ್ತಿರ ಕಟ್ ಆಫ್‌ಗಿಂತ ಮೇಲೆ, ಯುಪಿಎಸ್ ಹತ್ತಿರ ಕೆಳಗೆ. ಈಗ ಪಾಸಿಟಿವ್ ಕ್ಲಾಂಪ್ ಬಿಚ್ಚಿ, ಬಿಸಿ ನೀರು ಹಾಕಿ ತೊಳೆದು, ಉಜ್ಜಿ, ಗಟ್ಟಿಯಾಗಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದಿರಿ ಅನ್ನೋಣ. ಕೇಬಲ್ ಮತ್ತು ಜಾಯಿಂಟ್‌ನ ಪಾಲು 4ರಿಂದ 1.5 ಮಿಲಿಓಂಗೆ ಇಳಿಯಿತು. ಒಟ್ಟು 21.5. ಮತ್ತೆ ಸುತ್ತು ಹಾಕಿದರೆ 85 ಆಂಪಿಯರ್, 10.62 ವೋಲ್ಟ್. ಮಿಕ್ಸಿ ಓಡುತ್ತದೆ. ಹೊಸ ಬ್ಯಾಟರಿಯೂ ಇಲ್ಲ, ಹೊಸ ಬೋರ್ಡೂ ಇಲ್ಲ.

ಆದರೆ ಮನೆಯವರಿಗೆ ಎಲ್ಲ ಸರಿಹೋಯಿತು ಅಂತ ಹೇಳಿ ಬರಬೇಡಿ. ಈ ಲೆಕ್ಕ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದಾಗಿನದು. ಕರೆಂಟ್ ಹೋಗಿ ಬ್ಯಾಟರಿ ಅರ್ಧ ಕಾಲಿ ಆದಾಗ E 12.06ರ ಹತ್ತಿರಕ್ಕೆ ಬರುತ್ತದೆ. ಆಸಿಡ್ ತೆಳುವಾದ ಕಾರಣ R ಕೂಡ ಏರುತ್ತದೆ. ಅದನ್ನು ಒಟ್ಟು 23.5 ಅಂತ ಇಟ್ಟುಕೊಂಡರೆ ಅದೇ ಮಿಕ್ಸಿಗೆ ವೋಲ್ಟೇಜ್ 9.9. ಕಟ್ ಆಫ್. ಹಾಗಾಗಿ ಮನೆಯವರಿಗೆ ಹೇಳಬೇಕಾದ ಮಾತು ಇದು: ಅಮ್ಮಾ, ಕರೆಂಟ್ ಹೋದ ಮೊದಲಲ್ಲಿ ಚಟ್ನಿ ರುಬ್ಬಿಕೊಳ್ಳಿ, ಎರಡು ಮೂರು ಗಂಟೆ ಆದ ಮೇಲೆ ಮಿಕ್ಸಿ ಹಾಕಬೇಡಿ. ಅದು ಸಾಲದು ಅಂದರೆ ಮಾತ್ರ ಹೊಸ ಬ್ಯಾಟರಿಯ ಮಾತು.

ಅರ್ಧ ಚಾರ್ಜಿನ ಅಂಕಿ ನನ್ನ ಅಂದಾಜು. ಸರಿಯಾದ ದಾರಿ ಅಂದರೆ ಆ ಸ್ಥಿತಿಯಲ್ಲೇ ಎರಡು ಲೋಡಿನ ಅಳತೆಯನ್ನು ಮತ್ತೊಮ್ಮೆ ಮಾಡುವುದು. ಒಂದು ಸ್ಥಿತಿಯಲ್ಲಿ ಅಳೆದ E, R ಅದೇ ಸ್ಥಿತಿಗೆ ಮಾತ್ರ. ಚಳಿ ಜಾಸ್ತಿ ಇದ್ದ ದಿನ R ಏರಿರುತ್ತದೆ ಅನ್ನುವುದೂ ನೆನಪಿರಲಿ.

ಈ ನೇರ ಗೆರೆ ಎಲ್ಲಿ ಕೈಕೊಡುತ್ತದೆ ಅಂತ ಹೇಳುತ್ತೇನೆ ಅಂದಿದ್ದೆ. 25 ಆಂಪಿಯರ್ ವರೆಗೆ ಅಳೆದು 87ಕ್ಕೆ ಹೇಳುತ್ತಿದ್ದೇವೆ, ಮೂರೂವರೆ ಪಟ್ಟು ದೂರ. R ಒಂದು ಮಿಲಿಓಂ ತಪ್ಪಿದರೆ 87 ಆಂಪಿಯರ್‌ನಲ್ಲಿ 0.1 ವೋಲ್ಟ್ ತಪ್ಪುತ್ತದೆ. ಅಂದರೆ ಮೇಲೆ ಹೇಳಿದ 10.62 ಮತ್ತು ಕಟ್ ಆಫ್ 10.5ರ ನಡುವಿನ ಅಂತರ ನಮ್ಮ ತಪ್ಪಿನಷ್ಟೇ ಇದೆ. ನಾನಾಗಿದ್ದರೆ ಓಡಬಹುದು ಅಂತ ಹೇಳುತ್ತೇನೆ, ಓಡುತ್ತದೆ ಅಂತ ಅಲ್ಲ. ಸ್ವಚ್ಛ ಮಾಡಿದ ಮೇಲೆ ಮತ್ತೊಮ್ಮೆ ಅಳೆದು, ಮಿಕ್ಸಿ ಹಾಕಿ ನೋಡಿಯೇ ಮಾತು ಕೊಡಬೇಕು.

ಇನ್ನು ಹೊತ್ತಿನ ವಿಷಯ. 150 ಎಎಚ್ ಅಂತ ಬರೆದಿರುವುದು ಸಾಮಾನ್ಯವಾಗಿ 20 ಗಂಟೆಯ ಲೆಕ್ಕಕ್ಕೆ, ಅಂದರೆ 7.5 ಆಂಪಿಯರ್‌ನಂತೆ ಎಳೆದರೆ. 87 ಆಂಪಿಯರ್ ಅದಕ್ಕೆ ಹನ್ನೊಂದು ಪಟ್ಟಿಗಿಂತ ಜಾಸ್ತಿ. ಒಂದು ನಿಮಿಷದ ಚಟ್ನಿಗೆ ಹತ್ತು ಸೆಕೆಂಡಿನ R ಹೆಚ್ಚುಕಡಿಮೆ ಸಾಕು. ಕಾಲು ಗಂಟೆ ಇಸ್ತ್ರಿ ಮಾಡುವುದಕ್ಕೆ ಸಾಲದು, ರಂಧ್ರಗಳಲ್ಲಿ ಆಸಿಡ್ ತೀರುತ್ತಾ ಹೋಗಿ ನಮ್ಮ ಗೆರೆಗಿಂತ ತುಂಬಾ ಕೆಳಗೆ ಬೀಳುತ್ತದೆ. ತೀರ ಸಣ್ಣ ಹೊತ್ತಿಗೆ ತಪ್ಪು ಇದಕ್ಕೆ ಉಲ್ಟಾ ಕಡೆಗೆ ಆಗುತ್ತದೆ. ಮೇಲ್ಮೈ ಕ್ರಿಯೆಯ ಪಾಲು ದೊಡ್ಡ ಕರೆಂಟಿನಲ್ಲಿ ಅಷ್ಟಾಗಿ ಏರದ ಕಾರಣ, ನಿಜವಾದ ವೋಲ್ಟೇಜ್ ನಾವು ಹೇಳಿದ್ದಕ್ಕಿಂತ ಒಂದಿಷ್ಟು ಮೇಲೇ ಇರಬಹುದು.

ಲೆಕ್ಕ ಪೂರ್ತಿ ಮುರಿದು ಬೀಳುವುದು ಒಂದು ಸೆಲ್ ಸತ್ತಾಗ. ಆರು ಸೆಲ್‌ಗಳಲ್ಲಿ ಐದು ಸರಿ ಇದ್ದು, ಒಂದರಲ್ಲಿ ಜೀವ ಕಡಿಮೆ ಇದೆ ಅನ್ನಿ. 25 ಆಂಪಿಯರ್‌ನಲ್ಲಿ ಅದು ಹೇಗೋ ಹೊತ್ತುಕೊಂಡು ಹೋಗುತ್ತದೆ. 87 ಆಂಪಿಯರ್‌ನಲ್ಲಿ ಕೆಲವೇ ಸೆಕೆಂಡಿಗೆ ಅದರ ವೋಲ್ಟೇಜ್ ಸೊನ್ನೆಗೆ ಬಿದ್ದು, ಉಲ್ಟಾ ತಿರುಗಿ, ಒಟ್ಟು ವೋಲ್ಟೇಜ್ ಒಮ್ಮೆಗೇ ಎರಡು ವೋಲ್ಟ್ ಮತ್ತು ಅದಕ್ಕಿಂತ ಜಾಸ್ತಿ ಕುಸಿಯುತ್ತದೆ. ಎರಡು ಬಿಂದುಗಳ ಗೆರೆಗೆ ಇದು ಕಾಣುವುದಿಲ್ಲ. ಎರಡು ಬಿಂದು ಇದ್ದರೆ ಗೆರೆ ಯಾವಾಗಲೂ ನೇರವೇ ತಾನೆ. ಅದಕ್ಕೇ ಮೂರನೇ ಬಿಂದು ಒಂದನ್ನು ಇಟ್ಟುಕೊಳ್ಳಿ. ಮೂರು ಬಲ್ಬ್, 15 ಆಂಪಿಯರ್. ನಮ್ಮ ಬ್ಯಾಟರಿಯಲ್ಲಿ 12.14 ಬರಬೇಕು. ಒಂದೆರಡು ಸೆಂಟಿವೋಲ್ಟ್ ಆಚೀಚೆ ಆದರೆ ಪರವಾಗಿಲ್ಲ. ಐದು ಬಲ್ಬಿನ ಅಳತೆ ಗೆರೆಗಿಂತ ಕೆಳಗೆ ಬಾಗಿದರೆ, ಅಥವಾ ಹತ್ತು ಸೆಕೆಂಡ್ ಆದರೂ ಅಂಕಿ ಬಿಡದೆ ಇಳಿಯುತ್ತಲೇ ಇದ್ದರೆ, ಭವಿಷ್ಯ ಹೇಳುವುದನ್ನು ಬಿಟ್ಟು ಹೈಡ್ರೋಮೀಟರ್ ತೆಗೆಯಿರಿ. ಐದು ಸೆಲ್‌ನಲ್ಲಿ 1.230 ಬಂದು ಒಂದರಲ್ಲಿ 1.150 ಬಂದರೆ ಕಥೆ ಅಲ್ಲೇ ಗೊತ್ತಾಗುತ್ತದೆ. ಹೈಡ್ರೋಮೀಟರ್ ಇಲ್ಲದೆ ಸೆಲ್ ಸತ್ತಿದೆ ಅಂತ ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಮೊದಲು ಒಬ್ಬರು ಕೇಳಿದರು: "ಸಾರ್, ನನ್ನ ಹತ್ತಿರ ಇಂಟರ್ನಲ್ ರೆಸಿಸ್ಟೆನ್ಸ್ ಮೀಟರ್ ಇದೆ. ಬಲ್ಬ್ ಯಾಕೆ ಬೇಕು? ಅದು ಇದೇ ಥರದ ಬ್ಯಾಟರಿಗೆ 9 ಮಿಲಿಓಂ ಅಂತ ತೋರಿಸುತ್ತದೆ. ನಿಮ್ಮದು 20. ಯಾವುದು ಸುಳ್ಳು?"

ಎರಡೂ ಸುಳ್ಳಲ್ಲ. ಆ ಥರದ ಕೈ ಮೀಟರ್‌ಗಳು ಸಾಮಾನ್ಯವಾಗಿ 1 ಕಿಲೋಹರ್ಟ್ಜ್ ಎಸಿ ಬಿಟ್ಟು ಅಳೆಯುತ್ತವೆ. ಸೆಕೆಂಡಿಗೆ ಸಾವಿರ ಸಲ ಕರೆಂಟ್ ಆಕಡೆ ಈಕಡೆ ತಿರುಗುವಾಗ ಮೇಲ್ಮೈ ಕ್ರಿಯೆಗೆ ಸಮಯವೇ ಸಿಗುವುದಿಲ್ಲ. ಹಾಗಾಗಿ ಪ್ಲೇಟು, ಪಟ್ಟಿ, ಆಸಿಡ್‌ನ ನೇರ ರೆಸಿಸ್ಟೆನ್ಸ್ ಮಾತ್ರ ಕಾಣುತ್ತದೆ, ಲೋಡ್ ಹಾಕಿದ ಕೂಡಲೇ ಇಳಿಯುವ ಆ ಮೊದಲ ಮೆಟ್ಟಿಲು. ಬ್ಯಾಟರಿ ಹೊಸದಿದ್ದಾಗ ಅದರಲ್ಲಿ ಅಳೆದು ಬರೆದಿಟ್ಟು, ಆರು ತಿಂಗಳಿಗೊಮ್ಮೆ ಹೋಲಿಸಿದರೆ ಅದು ತುಂಬಾ ಒಳ್ಳೆಯ ಸಾಧನ. ಮಿಕ್ಸಿ ಹಾಕಿದಾಗ ವೋಲ್ಟೇಜ್ ಎಷ್ಟಾಗುತ್ತದೆ ಅಂತ ಹೇಳುವುದಕ್ಕೆ ಮಾತ್ರ ಆ 9ನ್ನು ಬಳಸಬೇಡಿ. ಹಾಗೆ ಬಳಸಿದರೆ ಎಲ್ಲ ಬ್ಯಾಟರಿಯೂ ನಿಮಗೆ ಗಟ್ಟಿಮುಟ್ಟಾಗಿ ಕಾಣುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, 24 ವೋಲ್ಟ್ ಯುಪಿಎಸ್ ಇದ್ದು ಸೀರೀಸ್‌ನಲ್ಲಿ ಎರಡು ಬ್ಯಾಟರಿ ಇದ್ದರೆ? ಒಂದು ಹಳೇದು, ಒಂದು ಹೊಸದು?"

ಹಳೇದರ ಜೊತೆ ಹೊಸದು ಹಾಕಿರುವುದು ಒಳ್ಳೆಯದಲ್ಲ, ಆದರೆ ಅಂಥ ಮನೆಗಳು ಬೇಕಾದಷ್ಟಿವೆ. ಅಳೆಯುವುದಕ್ಕೆ ಮಾತ್ರ ಅದು ಇನ್ನೂ ಸುಲಭ. ಸೀರೀಸ್‌ನಲ್ಲಿ ಎರಡರಲ್ಲೂ ಹರಿಯುವುದು ಒಂದೇ ಕರೆಂಟ್. ಬಲ್ಬುಗಳನ್ನು ಎರಡೆರಡು ಸೀರೀಸ್ ಮಾಡಿ 24 ವೋಲ್ಟಿಗೆ ಹಾಕಿ, ಇಲ್ಲದಿದ್ದರೆ ಸುಟ್ಟು ಹೋಗುತ್ತವೆ. ಹಾಗೆ ಮಾಡಿದ ಒಂದೊಂದು ಜೋಡಿಯೂ 5 ಆಂಪಿಯರ್‌ನಷ್ಟೇ ಎಳೆಯುತ್ತದೆ, ಹಾಗಾಗಿ 25 ಆಂಪಿಯರ್‌ಗೆ ಹತ್ತು ಬಲ್ಬ್ ಬೇಕು. ಆಮೇಲೆ ಮೀಟರನ್ನು ಒಂದೊಂದು ಬ್ಯಾಟರಿಯ ಎರಡು ಟರ್ಮಿನಲ್‌ಗಳ ಮೇಲೆ ಬೇರೆ ಬೇರೆಯಾಗಿ ಹಿಡಿಯಿರಿ. ಒಂದು ಬ್ಯಾಟರಿಯಲ್ಲಿ 0.16 ವೋಲ್ಟ್ ಇಳಿದು ಇನ್ನೊಂದರಲ್ಲಿ 0.56 ಇಳಿದರೆ, ಕರೆಂಟಿನ ವ್ಯತ್ಯಾಸ 20 ಆಂಪಿಯರ್‌ಗೆ ಒಂದು 8 ಮಿಲಿಓಂ, ಇನ್ನೊಂದು 28. ನಡುವೆ ಎರಡನ್ನೂ ಸೇರಿಸುವ ಸಣ್ಣ ಕೇಬಲ್ ಇರುತ್ತದಲ್ಲ, ಅದರ ಎರಡು ತುದಿಯ ಸೀಸದ ಮೇಲೂ ಮೀಟರ್ ಹಿಡಿದು ನೋಡಿ. ಅದನ್ನು ಯಾರೂ ಬಿಚ್ಚಿ ಸ್ವಚ್ಛ ಮಾಡಿರುವುದಿಲ್ಲ.